ಶ್ರುತಿ ಬದಲಾಗದ ಗತಿ ಬದಲಾವಣೆ

ಧ್ವನಿಮುದ್ರಣದ ಶ್ರುತಿಯನ್ನು ಕದಲಿಸದೆ ಅದರ ಓಟವನ್ನು ಮಾತ್ರ ನಿಧಾನಗೊಳಿಸುವ ಅಥವಾ ಚುರುಕುಗೊಳಿಸುವ ತಂತ್ರ. ಕಿವಿಗೆ ಸಿಕ್ಕದ ವೇಗದ ಸಂಗತಿಗಳನ್ನು ಬಿಡಿಸಿ ಕೇಳಲು ಸಂಗೀತ ಕಲಿಯುವವರು ಇದನ್ನು ಬಳಸುತ್ತಾರೆ. ಆದರೆ ಇದು ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ, ಮಾತಿಗಾಗಿ.

ತೊಂದರೆಯ ಮೂಲ ಸರಳವಾದುದು. ಆದಿತಾಳದಲ್ಲಿ ನಿಮಿಷಕ್ಕೆ 80 ಅಕ್ಷರ ಸಾಗುತ್ತಿದ್ದು, ಚಿಟ್ಟೆಸ್ವರ ಅಕ್ಷರಕ್ಕೆ ನಾಲ್ಕು ಸ್ವರದಂತೆ ಓಡುತ್ತಿದ್ದರೆ ಒಂದು ಸ್ವರಕ್ಕೆ ಸಿಗುವುದು ಸೆಕೆಂಡಿನ ಐದನೆಯ ಒಂದು ಭಾಗಕ್ಕೂ ಕಡಿಮೆ. ಟೇಪನ್ನು ನೂರಕ್ಕೆ 60ರ ವೇಗದಲ್ಲಿ ಓಡಿಸಿದರೆ ಸ್ವರಗಳೇನೋ ಬಿಡಿಬಿಡಿಯಾಗುತ್ತವೆ, ಆದರೆ ಸೆಕೆಂಡಿಗೆ 200 ಕಂಪನವಿದ್ದ ಷಡ್ಜ 120ಕ್ಕೆ ಇಳಿಯುತ್ತದೆ. ಅದು ಮಂದ್ರಸ್ಥಾಯಿಯ ಸಾಧಾರಣ ಗಾಂಧಾರದ ಜಾಗ. ಕಲಿಯುವವನು ತಂಬೂರಿಯನ್ನೂ ವಾದ್ಯವನ್ನೂ ಮತ್ತೆ ಶ್ರುತಿ ಮಾಡಿಕೊಳ್ಳಬೇಕು, ಇಲ್ಲವೆ ಮನಸ್ಸಿನಲ್ಲೇ ಪಲ್ಲಟ ಮಾಡಿಕೊಳ್ಳುತ್ತ ಕೇಳಬೇಕು.

ಅರ್ಧ ವೇಗವೊಂದೇ ಇದಕ್ಕೆ ಅಪವಾದ. ಓಟ ಸರಿಯಾಗಿ ಅರ್ಧವಾದರೆ ಷಡ್ಜ ಮಂದ್ರಷಡ್ಜವಾಗುತ್ತದೆ. ಸ್ಥಾಯಿ ಬದಲಾದರೂ ಸ್ವರ ಅದೇ. 33⅓ ಸುತ್ತಿನ ರೆಕಾರ್ಡನ್ನು 16⅔ರಲ್ಲಿ ತಿರುಗಿಸಿ, ಅಥವಾ ಸ್ಪೂಲ್ ಟೇಪನ್ನು ಸೆಕೆಂಡಿಗೆ 7½ ಇಂಚಿನಿಂದ 3¾ ಇಂಚಿಗೆ ಇಳಿಸಿ, ಗಿಟಾರ್ ಮತ್ತು ಜಾಝ್ ವಾದಕರು ಹಿರಿಯರ ನುಡಿಸಾಣಿಕೆಯನ್ನು ಕದ್ದು ಕಲಿತದ್ದು ಈ ಅನುಕೂಲದಿಂದಲೇ. 45ರ ರೆಕಾರ್ಡನ್ನು 33⅓ರಲ್ಲಿ ಹಾಕಿದವರಿಗೆ ಆ ಭಾಗ್ಯವಿರಲಿಲ್ಲ. ಅವರ ಷಡ್ಜ ಮಂದ್ರ ಪಂಚಮಕ್ಕಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತಿತ್ತು.

ಓಟ ಮತ್ತು ಶ್ರುತಿಯ ಗಂಟನ್ನು ಬಿಡಿಸುವ ದಾರಿ ತೋರಿದ ಮೊದಲಿಗರಲ್ಲಿ ಒಬ್ಬರು ಹಂಗೇರಿ ಮೂಲದ ಭೌತವಿಜ್ಞಾನಿ ಡೆನಿಸ್ ಗಾಬೋರ್. ಮುಂದೆ ಹಾಲೋಗ್ರಫಿಗಾಗಿ ನೊಬೆಲ್ ಪಡೆದವರೂ ಇವರೇ. ನಾದವನ್ನು ಸಣ್ಣ ಸಣ್ಣ ಕಾಳುಗಳಾಗಿ ಒಡೆದು ನೋಡಬಹುದೆಂದು ಅವರು 1946ರಲ್ಲಿ ಬರೆದರು. ಫಿಲಂ ಮೇಲಿನ ಧ್ವನಿಪಟ್ಟಿಯನ್ನು ಸೀಳುಗಳಿರುವ ತಿರುಗುವ ಡ್ರಮ್ಮಿನ ಮೂಲಕ ಓದುವ ಯಂತ್ರವನ್ನೂ ವಿವರಿಸಿದರು. ಇದನ್ನೇ ಟೇಪಿಗೆ ಒಗ್ಗಿಸಿದವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಗ್ರಾಂಟ್ ಫೇರ್‌ಬ್ಯಾಂಕ್ಸ್ ಮತ್ತು ಸಂಗಡಿಗರು (1954). ಅವರ ಯಂತ್ರದಲ್ಲಿ ಟೇಪು ನಿಧಾನವಾಗಿ ಸರಿಯುತ್ತದೆ, ಓದುವ ಹೆಡ್‌ಗಳಿರುವ ಡ್ರಮ್ಮು ಅದಕ್ಕೆ ಎದುರಾಗಿ ತಿರುಗುತ್ತದೆ. ಹೀಗೆ ಟೇಪಿಗೂ ಹೆಡ್ಡಿಗೂ ನಡುವಿನ ವೇಗ ಮೊದಲಿನಷ್ಟೇ ಉಳಿಯುವುದರಿಂದ ಶ್ರುತಿ ಕದಲುವುದಿಲ್ಲ. ಒಂದು ಹೆಡ್ಡು ಸರಿದುಹೋದಾಗ ಮುಂದಿನದು ಈಗಾಗಲೇ ಓದಿದ ಚೂರಿನಲ್ಲಿ ಒಂದಷ್ಟನ್ನು ಮತ್ತೆ ಓದುತ್ತದೆ, ಕಾಲ ಹಿಗ್ಗುವುದು ಆ ಪುನರಾವರ್ತನೆಯಿಂದ. ಜರ್ಮನಿಯಲ್ಲಿ ಆಂಟನ್ ಸ್ಪ್ರಿಂಗರ್ ಇಂಥದೇ ಯಂತ್ರ ರೂಪಿಸಿದರು. ಇವುಗಳ ಬೆಲೆಯೂ ಗಾತ್ರವೂ ಪ್ರಯೋಗಾಲಯ ಮತ್ತು ಸ್ಟುಡಿಯೋಗಳಿಗೆ ತಕ್ಕವಾಗಿದ್ದವು, ಮನೆಯಲ್ಲಿ ಕೂತು ಸಾಧನೆ ಮಾಡುವವನಿಗಲ್ಲ.

ಕತ್ತರಿಸಿ ಅಂಟಿಸುವುದು ಸುಲಭ, ಬೆಸುಗೆ ಕಷ್ಟ. ಕಂಪ್ಯೂಟರಿನಲ್ಲಿ ಮಾಡುವಾಗ ಇದು ಎದ್ದು ಕಾಣುತ್ತದೆ. ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಮುದ್ರಣದಿಂದ 12 ಮಿಲಿಸೆಕೆಂಡಿಗೊಂದರಂತೆ, ಒಂದೊಂದೂ 40 ಮಿಲಿಸೆಕೆಂಡ್ ಉದ್ದದ ಚೂರುಗಳನ್ನು ತೆಗೆದು, 20 ಮಿಲಿಸೆಕೆಂಡಿಗೊಂದರಂತೆ ಸಾಲಾಗಿ ಜೋಡಿಸುತ್ತ ಹೋದರೆ ಓಟ ನೂರಕ್ಕೆ 60 ಆಗುತ್ತದೆ. ಪಕ್ಕಪಕ್ಕದ ಚೂರುಗಳು ಅರ್ಧರ್ಧ ಒಂದರ ಮೇಲೊಂದು ಬೀಳುತ್ತವೆ. ಎರಡನೆಯ ಚೂರು ಶುರುವಾಗುವ ಕಡೆ ಮೊದಲ ಚೂರು ತನ್ನ 20ನೆಯ ಮಿಲಿಸೆಕೆಂಡಿನಲ್ಲಿದ್ದರೆ ಎರಡನೆಯದು ಮುದ್ರಣದ 12ನೆಯದರಲ್ಲಿರುತ್ತದೆ, ಅಂದರೆ 8 ಮಿಲಿಸೆಕೆಂಡಿನ ಅಂತರ. 200 ಕಂಪನದ ಷಡ್ಜದ ಒಂದು ಅಲೆಗೆ 5 ಮಿಲಿಸೆಕೆಂಡ್ ಬೇಕು. 8ರಲ್ಲಿ ಒಂದು ಅಲೆ ಕಳೆದರೆ 3 ಉಳಿಯಿತು, ಅರ್ಧ ಅಲೆಗಿಂತ ತುಸು ಹೆಚ್ಚು. ಒಂದರ ಉಬ್ಬಿನ ಮೇಲೆ ಇನ್ನೊಂದರ ತಗ್ಗು ಬಿದ್ದು ನಾದ ಬಹುಪಾಲು ಅಳಿಸಿಹೋಗುತ್ತದೆ. ಪ್ರತಿ ಬೆಸುಗೆಯಲ್ಲೂ ಹೀಗಾದರೆ ದನಿ ನೀರಿನೊಳಗಿಂದ ಬಂದಂತೆ ಗುಳುಗುಳು ಅನ್ನುತ್ತದೆ.

ಅಮೆರಿಕದ ರೌಕೋಸ್ ಮತ್ತು ವಿಲ್ಗಸ್ 1985ರಲ್ಲಿ ಕೊಟ್ಟ ಪರಿಹಾರ ಇದು: ಚೂರನ್ನು ಅಂಟಿಸುವ ಮೊದಲು ಅತ್ತಿತ್ತ ಜರುಗಿಸಿ, ಹಿಂದಿನದರ ಅಲೆಗೆ ಇದರ ಅಲೆ ಎಲ್ಲಿ ಚೆನ್ನಾಗಿ ಕೂಡುತ್ತದೋ ಅಲ್ಲಿ ಬೆಸೆಯುವುದು. ಬೆಲ್ಜಿಯಂನ ವೆರ್‌ಹೆಲ್ಸ್ಟ್ ಮತ್ತು ರೂಲಾಂಟ್ಸ್ 1993ರಲ್ಲಿ ಅಂಟಿಸುವ ಜಾಗವನ್ನು ಕದಲಿಸದೆ ಕತ್ತರಿಸುವ ಜಾಗವನ್ನು ಜರುಗಿಸಿದರು. ನಮ್ಮ ಲೆಕ್ಕದಲ್ಲಿ 12ರ ಬದಲು 10ನೆಯ ಮಿಲಿಸೆಕೆಂಡಿನಿಂದ ಕತ್ತರಿಸಿದರೆ ಅಂತರ 10, ಸರಿಯಾಗಿ ಎರಡು ಅಲೆ. ಬೆಸುಗೆ ಕಿವಿಗೆ ತಿಳಿಯುವುದೇ ಇಲ್ಲ. `ffmpeg` ತಂತ್ರಾಂಶದ `atempo` ಇದೇ ಬಗೆಯದು:

```
ffmpeg -i in.wav -filter:a "atempo=0.6" out.wav
```

ಒಂಟಿ ಕಂಠಕ್ಕೂ ಕೊಳಲಿಗೂ ಇದು ಚೆನ್ನ. ಕಂಠ, ಪಿಟೀಲು, ತಂಬೂರಿ ಒಟ್ಟಿಗಿದ್ದರೆ ಎಲ್ಲರ ಅಲೆಗೂ ಒಪ್ಪುವ ಬೆಸುಗೆಯ ಜಾಗವೇ ಇರುವುದಿಲ್ಲ. ಅದಕ್ಕೆ ಒದಗಿದ್ದು ಬೇರೆಯದೇ ದಾರಿ. ಬೆಲ್ ಪ್ರಯೋಗಾಲಯದ ಫ್ಲಾನಗನ್ ಮತ್ತು ಗೋಲ್ಡನ್ 1966ರಲ್ಲಿ ಪ್ರಕಟಿಸಿದ ಫೇಸ್ ವೋಕೋಡರ್ ನಾದವನ್ನು ಹಲವು ಸೂಕ್ಷ್ಮ ಶ್ರುತಿಪಟ್ಟಿಗಳಾಗಿ ಸೋಸುತ್ತದೆ, ಪ್ರತಿ ಪಟ್ಟಿಯ ಕಂಪನ ಎಷ್ಟು ಬೇಗ ಮುಂದುವರಿಯುತ್ತಿದೆ ಎಂದು ಅಳೆಯುತ್ತದೆ, ಆಮೇಲೆ ಅದೇ ಕಂಪನವನ್ನು ಹೆಚ್ಚು ಹೊತ್ತು ನಡೆಸುತ್ತದೆ. ಪೋರ್ಟ್‌ನಾಫ್ 1976ರಲ್ಲಿ ವೇಗದ ಫೂರಿಯೆ ಲೆಕ್ಕವನ್ನು ಇದಕ್ಕೆ ಹೊಂದಿಸಿದ ಮೇಲೆ ಕಂಪ್ಯೂಟರಿಗೆ ಈ ಕೆಲಸ ನಿಲುಕಿತು. ಆದರೆ ಪಟ್ಟಿಗಳು ತಮ್ಮತಮ್ಮ ಪಾಡಿಗೆ ನಡೆದು ಒಂದರ ಹೆಜ್ಜೆ ಇನ್ನೊಂದಕ್ಕೆ ತಪ್ಪುವುದರಿಂದ, ಹಾಡುಗಾರ ಮೈಕಿನಿಂದ ದೂರ ಸರಿದು ಖಾಲಿ ಹಾಲಿನಲ್ಲಿ ನಿಂತಂತೆ ಕೇಳಿಸುತ್ತದೆ. ಲಾರೋಷ್ ಮತ್ತು ಡಾಲ್ಸನ್ 1999ರಲ್ಲಿ ಬಲವಾದ ಪಟ್ಟಿಗೆ ಅದರ ನೆರೆಯ ಪಟ್ಟಿಗಳನ್ನು ಕಟ್ಟಿಹಾಕಿ ಈ ದೋಷವನ್ನು ಬಹಳಷ್ಟು ತಗ್ಗಿಸಿದರು.

ಎರಡೂ ವಿಧಾನಗಳು ಎಡವುವುದು ಮೃದಂಗದ ಮುಂದೆ. ಪೆಟ್ಟು ಒಂದು ಕ್ಷಣದ್ದು, ಅದಕ್ಕೆ ಹಿಗ್ಗಿಸಬೇಕಾದ ಉದ್ದವೇ ಇಲ್ಲ. ಮೇಲಿನ ಲೆಕ್ಕದಂತೆ ಚೂರು ಮಾಡಿದರೆ ಒಂದೇ ಪೆಟ್ಟು ಮೂರು ನಾಲ್ಕು ಚೂರುಗಳಲ್ಲಿ ಸಿಕ್ಕಿಕೊಂಡು 8 ಮಿಲಿಸೆಕೆಂಡಿನ ಅಂತರದಲ್ಲಿ ಮರಳಿ ಬೀಳುತ್ತದೆ. ಒಂದು ‘ತ’ ತೊದಲಿದಂತಾಗುತ್ತದೆ. ಫೇಸ್ ವೋಕೋಡರಿನಲ್ಲಿ ಸಾಮಾನ್ಯವಾಗಿ 2048 ಮಾದರಿಗಳನ್ನು, ಅಂದರೆ ಸಿ.ಡಿ. ದರದಲ್ಲಿ 46 ಮಿಲಿಸೆಕೆಂಡಿನ ನಾದವನ್ನು, ಒಟ್ಟಿಗೆ ನೋಡುವುದರಿಂದ ಪೆಟ್ಟು ಅಷ್ಟಗಲಕ್ಕೆ ಹರಡಿ ಒದ್ದೆ ಚರ್ಮದ ಮೇಲೆ ಹೊಡೆದಂತಾಗುತ್ತದೆ. ತೊದಲೋ ಒದ್ದೆಯೋ ಎಂದು ಕೇಳಿದರೆ ಸಾಕು, ತಂತ್ರಾಂಶ ಯಾವ ದಾರಿ ಹಿಡಿದಿದೆಯೆಂದು ಹೆಚ್ಚುಕಡಿಮೆ ಊಹಿಸಬಹುದು. ಅದಕ್ಕಾಗಿಯೇ ಈಚಿನ ತಂತ್ರಾಂಶಗಳಲ್ಲಿ ಕೆಲವು ಪೆಟ್ಟುಗಳನ್ನು ಗುರುತಿಸಿ ಹಾಗೇ ಬಿಟ್ಟು, ನಡುವಿನ ನಾದವನ್ನಷ್ಟೇ ಹಿಗ್ಗಿಸುತ್ತವೆ.

ಮನೆಯ ಕಂಪ್ಯೂಟರಿಗೆ ಸಾಕಷ್ಟು ಶಕ್ತಿ ಬಂದ ಮೇಲೆ ಕಲಿಯುವವರಿಗೆಂದೇ ಅಮೇಝಿಂಗ್ ಸ್ಲೋ ಡೌನರ್, ಟ್ರಾನ್ಸ್‌ಕ್ರೈಬ್‌ನಂಥ ತಂತ್ರಾಂಶಗಳು ಬಂದವು. ಇಂದು ಯೂಟ್ಯೂಬಿನ ವೇಗದ ಪಟ್ಟಿಯಲ್ಲಿ 0.75 ಒತ್ತಿದರೂ ಶ್ರುತಿ ನಿಂತಲ್ಲೇ ನಿಲ್ಲುತ್ತದೆ. ಆಡಾಸಿಟಿಯಲ್ಲಿ `Change Tempo` ಆರಿಸಿ −40 ಕೊಟ್ಟರೆ ನೂರಕ್ಕೆ 60ರ ಓಟ ಸಿಗುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿದರೆ ಮಾತ್ರ ಹೆಚ್ಚಿನ ತಂತ್ರಾಂಶಗಳಲ್ಲಿ ಹಿಗ್ಗಿಸಿದ ಗುರುತು ಎದ್ದು ಕೇಳತೊಡಗುತ್ತದೆ.

ಕರ್ನಾಟಕ ಸಂಗೀತದಲ್ಲಿ ಯಂತ್ರಕ್ಕೆ ಸಂಬಂಧಿಸದ ಇನ್ನೊಂದು ಮಿತಿಯಿದೆ. ಓಟ ತಗ್ಗಿದಾಗ ಗಮಕದ ತೂಗಾಟವೂ ತಗ್ಗುತ್ತದೆ. ಸೆಕೆಂಡಿಗೆ ಐದು ಸಲ ಆಡುತ್ತಿದ್ದ ಕಂಪಿತ ಮೂರಕ್ಕೆ ಇಳಿಯುತ್ತದೆ. ಅದೇ ವಿದ್ವಾಂಸರು ಅದೇ ಸಾಲನ್ನು ನಿಜವಾಗಿ ಚೌಕಕಾಲದಲ್ಲಿ ಹಾಡಿದರೆ ಗಮಕವನ್ನು ಹೀಗೆ ಎಳೆಯುವುದಿಲ್ಲ, ಸಿಕ್ಕ ಅವಕಾಶದಲ್ಲಿ ಅದನ್ನು ಬೇರೆಯಾಗಿಯೇ ತುಂಬುತ್ತಾರೆ. ಹಾಗಾಗಿ ಹಿಗ್ಗಿಸಿದ ಮುದ್ರಣದಿಂದ ಯಾವ ಸ್ವರದ ಮೇಲೆ ಯಾವುದು ಬಂತು ಎಂಬುದನ್ನು ಬರೆದುಕೊಳ್ಳಬಹುದು, ಗಮಕವನ್ನು ಮಾತ್ರ ಮೂಲದ ಓಟದಲ್ಲೇ ಕೇಳಿ ಹಿಡಿಯಬೇಕು.