ತಾಯಿಯ ಬೊಜ್ಜದ ಖರ್ಚು: ಅಂದಾಜು ಹೇಗೆ, ಯಾರ ಪಾಲು ಎಷ್ಟು?

ಉಪ್ಪಳ: ಇಲ್ಲಿನ ತುಳುವ ಮನೆಗಳಲ್ಲಿ ತಂದೆಯೋ ತಾಯಿಯೋ ತೀರಿಕೊಂಡಾಗ ದಹನದ ದಿನದ ಖರ್ಚಿಗೆ ಜಗಳವಾಗುವುದು ಕಡಿಮೆ. ಕೈಯಲ್ಲಿ ಹಣ ಇದ್ದವರು ಕೊಟ್ಟುಬಿಡುತ್ತಾರೆ. ಮಾತು ಬೆಳೆಯುವುದು ಬೊಜ್ಜದ, ಅಂದರೆ ಉತ್ತರಕ್ರಿಯೆಯ ಲೆಕ್ಕದಲ್ಲಿ. ಅದು ಕೆಲವು ಮನೆತನಗಳಲ್ಲಿ ಹನ್ನೊಂದನೇ ದಿನ, ಕೆಲವರಲ್ಲಿ ಹದಿಮೂರು, ಇನ್ನು ಕೆಲವರಲ್ಲಿ ಹದಿನಾರನೇ ದಿನ. ಅಷ್ಟರೊಳಗೆ ಮಕ್ಕಳೆಲ್ಲ ಒಮ್ಮೆ ಕುಳಿತು, ಊರಿಗೆ ಬರಲಾಗದವರನ್ನು ಫೋನಿನಲ್ಲಿ ಸೇರಿಸಿಕೊಂಡು, ಅಂದಾಜು ಬರೆದಿಡುವುದು ಒಳ್ಳೆಯದು.

ಅಂದಾಜು ತಪ್ಪುವುದು ಹೆಚ್ಚಾಗಿ ಊಟದಲ್ಲಿ. "ನಾನೂರು ಎಲೆ ಹಾಕಿ" ಎಂದು ಹಿರಿಯರೊಬ್ಬರು ಹೇಳುತ್ತಾರೆ, ಅದೇ ಲೆಕ್ಕವಾಗುತ್ತದೆ. ಅದರ ಬದಲು ಹೇಳಿಕೆ ಕೊಡುವ ಮನೆಗಳ ಪಟ್ಟಿ ಮಾಡಬೇಕು. ಅರುವತ್ತು ಮನೆ, ಮನೆಗೆ ಮೂರು ಜನ ಎಂದರೆ 180. ಕುಟುಂಬದವರು 30, ನೆರೆಕರೆಯವರು ಮತ್ತು ಕೆಲಸಕ್ಕೆ ನಿಂತವರು 40. ಒಟ್ಟು 250 ಎಲೆ. ದಿನ ಭಾನುವಾರ ಬಿದ್ದರೆ ಮಂಗಳೂರು ಕಡೆಯವರೂ ಬರುವುದರಿಂದ ಸ್ವಲ್ಪ ಏರಿಸಬೇಕು. ಪಟ್ಟಿ ಇಲ್ಲದೆ ಯಾರಾದರೂ ದೊಡ್ಡ ಸಂಖ್ಯೆ ಹೇಳಿದರೆ ಅದು ಅಂದಾಜಲ್ಲ, ಆಸೆ ಎಂದು ತಿಳಿಯಬೇಕು. ಅಡುಗೆಯವರಲ್ಲಿ ಎಲೆ ಲೆಕ್ಕವೋ, ಸಾಮಾನು ನಮ್ಮದೇ ಆಗಿ ಕೂಲಿ ಮಾತ್ರವೋ ಎಂಬುದನ್ನೂ, ಸಂಖ್ಯೆ ಬದಲಿಸಲು ಕೊನೆಯ ದಿನ ಯಾವುದು ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು.

ಒಂದು ಮನೆಯ ಲೆಕ್ಕ ನೋಡೋಣ. ಮೊತ್ತಗಳು ಉದಾಹರಣೆಗೆ ಮಾತ್ರ. ದರವನ್ನು ಊರಿನಲ್ಲಿ ವಿಚಾರಿಸಿ ಹಾಕಿಕೊಳ್ಳಬೇಕು. ತಾಯಿ ತೀರಿಕೊಂಡಿದ್ದಾರೆ, ನಾಲ್ವರು ಮಕ್ಕಳು. ದೊಡ್ಡವನು ಮನೆಯಲ್ಲೇ ಇದ್ದು ತೋಟ ನೋಡುತ್ತಾನೆ, ಎರಡನೆಯವನು ದುಬೈಯಲ್ಲಿ, ಮಗಳನ್ನು ಮಂಗಳೂರಿಗೆ ಕೊಟ್ಟಿದೆ, ಕಿರಿಯವನದ್ದು ಬಾಡಿಗೆ ರಿಕ್ಷಾ. ಆಂಬ್ಯುಲೆನ್ಸ್, ಕಟ್ಟಿಗೆ, ಗೆರಟೆ, ತುಪ್ಪ ಸೇರಿ ದಹನದ ದಿನಕ್ಕೆ 22,000 ರೂ. ಬೂದಿ ಕಾರ್ಯ ಮತ್ತು ಕ್ರಿಯೆ ಮಾಡಿಸುವವರಿಗೆ 8,000. ಎಲೆಗೆ 160ರಂತೆ 250 ಎಲೆಗೆ 40,000. ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆ 12,000. ಫೋಟೊ, ಪತ್ರಿಕೆ ಜಾಹೀರಾತು, ಇತರ ಖರ್ಚು 8,000. ಇಲ್ಲಿಗೆ 90,000. ಹೆಚ್ಚಿನವರು ಮರೆಯುವುದು ವರ್ಷಾಂತಿಕವನ್ನು. ಅದಕ್ಕೆ 30,000 ಈಗಲೇ ಸೇರಿಸಿದರೆ ಒಟ್ಟು 1,20,000 ರೂ.

ತಾಯಿ ಬಿಟ್ಟುಹೋದ ಹಣ 30,000 ಇದ್ದು, ನಾಲ್ವರೂ ಒಪ್ಪಿದರೆ ಅದನ್ನು ಮೊದಲು ಕಳೆಯಬಹುದು. ಆದರೆ ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬಾರದು, ನಾಮಿನಿಯಾದರೂ ಸಹ. ಬ್ಯಾಂಕಿಗೆ ಮರಣ ಪ್ರಮಾಣಪತ್ರ ಕೊಟ್ಟೇ ಪಡೆಯಬೇಕು. ಬ್ಯಾಂಕ್ ಖಾತೆಯ ನಾಮಿನಿ ವಾರಸುದಾರರೆಲ್ಲರ ಪರವಾಗಿ ಹಣ ಪಡೆಯುವವನಷ್ಟೆ. ಗಡಿಯ ಒಂದು ವಿಷಯವೂ ಇಲ್ಲಿ ಮುಖ್ಯ: ಮರಣ ನೋಂದಣಿ ಆಗುವುದು ಮರಣ ನಡೆದ ಸ್ಥಳದಲ್ಲಿ. ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಪ್ರಮಾಣಪತ್ರಕ್ಕೆ ಮಂಗಲ್ಪಾಡಿ ಪಂಚಾಯತಿಗೆ ಅಲೆದು ಪ್ರಯೋಜನವಿಲ್ಲ. ಹಾಗಾಗಿ ಆ ಹಣ ಬೊಜ್ಜದೊಳಗೆ ಕೈಸೇರದೆ ಇರಬಹುದು. ಅಲ್ಲಿಯವರೆಗೆ ಮುಂಗಡ ಕೊಡುವವರು ಯಾರೆಂದು ಬರೆದಿಡಬೇಕು. ತಾಯಿ ಬೀಡಿ ಕಾರ್ಮಿಕರೋ ಬೇರೆ ಕ್ಷೇಮನಿಧಿಯ ಸದಸ್ಯರೋ ಆಗಿದ್ದರೆ ಸಹಾಯಧನ ಇದೆಯೇ ಎಂದೂ ವಿಚಾರಿಸಬಹುದು.

ಉಳಿದ 90,000ವನ್ನು ನಾಲ್ಕು ಸಮಪಾಲು ಮಾಡಿದರೆ ತಲೆಗೆ 22,500. ದುಬೈಯವನಿಗೆ ಅದು ಹಗುರ. ರಿಕ್ಷಾದವನು ಸಾಲ ಮಾಡಬೇಕಾದೀತು. ಆದಾಯ ಮತ್ತು ಮನೆಯ ಜವಾಬ್ದಾರಿ ನೋಡಿ ಒಂಬತ್ತು ಪಾಲು ಮಾಡಿದರೆ, ಪಾಲಿಗೆ 10,000. ದುಬೈಯವನಿಗೆ ನಾಲ್ಕು, ದೊಡ್ಡವನಿಗೆ ಎರಡು, ಮಗಳಿಗೆ ಎರಡು, ಕಿರಿಯವನಿಗೆ ಒಂದು. ದೊಡ್ಡವನು ತೋಟದ ತೆಂಗಿನಕಾಯಿ, ಬಾಳೆಎಲೆ, ಮನೆಯ ಅಕ್ಕಿ ಕೊಟ್ಟು, ಅಷ್ಟನ್ನು ಅಂಗಡಿಯಿಂದ ತರುವುದಿದ್ದರೆ 6,000 ಆಗುತ್ತಿತ್ತು ಎಂದಾದರೆ ಅವನು ನಗದು ಕೊಡಬೇಕಾದದ್ದು 14,000. ತಾಯಿಯನ್ನು ಕೊನೆಯವರೆಗೆ ನೋಡಿಕೊಂಡದ್ದಕ್ಕೆ ಬೆಲೆ ಕಟ್ಟಲಾಗದು. ಆದರೆ ಔಷಧಿ, ಆಸ್ಪತ್ರೆಗೆ ಅವನು ಕೊಟ್ಟ ಹಣಕ್ಕೆ ಬಿಲ್ಲು ಇದ್ದರೆ ಅದನ್ನೂ ಅದೇ ದಿನ ಮಾತಾಡಿ ಮುಗಿಸಬೇಕು.

ಇನ್ನು ದುಬೈಯವನಿಗೆ ನಾನೂರು ಎಲೆಯೇ ಆಗಬೇಕು ಎಂದಿದ್ದರೆ? ಹೆಚ್ಚಿನ 150 ಎಲೆಯ 24,000 ಅವನದ್ದೇ. ಆಸೆ ಯಾರದ್ದೋ ಅದರ ಖರ್ಚೂ ಅವರದ್ದು ಎಂದು ಮೊದಲೇ ಒಪ್ಪಿದರೆ, "ಅಣ್ಣ ದೊಡ್ಡದಾಗಿ ಮಾಡಿಸಿ ನಮ್ಮ ಪಾಲು ಕೇಳುತ್ತಾನೆ" ಎಂಬ ಮಾತಿಗೆ ಎಡೆಯಿಲ್ಲ.

ಮಗಳ ಪಾಲಿನ ಬಗ್ಗೆ ಕೆಲವರು ತಕರಾರು ತೆಗೆಯುತ್ತಾರೆ: "ಕೊಟ್ಟ ಹೆಣ್ಣಿನಿಂದ ತೆಗೆದುಕೊಳ್ಳುವುದೆ?" ತೆಗೆದುಕೊಳ್ಳದಿರುವುದು ಮನೆಯವರ ಇಷ್ಟ. ಆದರೆ ಅದನ್ನೇ ನೆಪ ಮಾಡಿ ಮುಂದೆ ಆಸ್ತಿಯಲ್ಲಿ ಅವಳ ಭಾಗ ಕಡಿಮೆ ಮಾಡುವಂತಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಉಯಿಲು ಬರೆಯದೆ ತೀರಿಕೊಂಡ ತಾಯಿಯ ಆಸ್ತಿಯಲ್ಲಿ ಮಗ, ಮಗಳು ಸಮಾನ ಹಕ್ಕುದಾರರು. ಹಾಗೆಯೇ ಬೊಜ್ಜಕ್ಕೆ 40,000 ಕೊಟ್ಟವನಿಗೆ ಆಸ್ತಿಯಲ್ಲಿ ನಾಲ್ಕು ಪಾಲು ಬರುವುದೂ ಇಲ್ಲ. ಕೊಟ್ಟದ್ದು ಸಾಲವಾಗಿದ್ದರೆ, ಎಲ್ಲರೂ ಸಹಿ ಹಾಕಿದ ಆ ಲೆಕ್ಕದ ಪುಸ್ತಕದಲ್ಲೇ ಸಾಲ ಎಂದು ಬರೆದಿರಬೇಕು.