ವಿವಾಹವಿಲ್ಲದ ಸಹಜೀವನ (ಭಾರತ): ಜೀವನಾಂಶ, ಸಂತಾನ ಮತ್ತು ಆಸ್ತಿ ಹಕ್ಕುಗಳ ಇತಿಹಾಸ

ಮದುವೆಯಾಗದೆ ಗಂಡು ಹೆಣ್ಣು ಒಂದೇ ಮನೆಯಲ್ಲಿ ಸಂಸಾರ ಹೂಡಿರುವ ಸ್ಥಿತಿಗೆ ಸಹಜೀವನ ಅಥವಾ ಲಿವ್ ಇನ್ ಸಂಬಂಧವೆಂದು ಹೆಸರು. ಭಾರತದ ಕಾನೂನು ಇದನ್ನು ಮೊದಲ ಬಾರಿಗೆ ಕಣ್ತೆರೆದು ನೋಡಿದ್ದು 2005ರಲ್ಲಿ, ಅಲ್ಲಿಂದ ಹಕ್ಕುಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತ ಬಂದಿವೆ ಎಂಬ ಚಿತ್ರ ಪತ್ರಿಕೆಗಳಲ್ಲಿಯೂ ಪಠ್ಯಗಳಲ್ಲಿಯೂ ಸಾಮಾನ್ಯವಾಗಿದೆ. ಹಿಂದೂ ಕಾನೂನಿನ ಮಟ್ಟಿಗೆ ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ವಿವಾಹವಿಲ್ಲದೆ ಬಾಳಿದ ಹೆಂಗಸಿಗೆ ಜೀವನಾಂಶದ ಹಕ್ಕೊಂದು ಹಿಂದಿನಿಂದಲೂ ಇತ್ತು. ಅದನ್ನು ಕಿತ್ತುಕೊಂಡದ್ದು 1956ರ ಸುಧಾರಣೆ. ಅರ್ಧ ಶತಮಾನದ ನಂತರ ಬಂದ ಕಾಯ್ದೆ ಆ ತೆರವನ್ನು ಭಾಗಶಃ ಮಾತ್ರ ತುಂಬಿತು, ಅದೂ ಬೇರೊಂದು ಬಗೆಯ ಹೆಣ್ಣಿಗೆ. ಇಂದಿನ ತೀರ್ಪುಗಳಲ್ಲಿ ಕಾಣುವ ಗೊಂದಲಕ್ಕೆ ಬಹುಪಾಲು ಕಾರಣ ಈ ಮರೆತ ಅಧ್ಯಾಯ.

ಆ ಹಳೆಯ ಹಕ್ಕಿನ ಬೇರು ಕನ್ನಡ ನಾಡಿನಲ್ಲಿಯೇ ಸಿಗುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಬಂಗಾಳದಂಥ ಕೆಲವು ಪ್ರದೇಶಗಳನ್ನು ಬಿಟ್ಟು ಭಾರತದ ಬಹುಭಾಗದ ಹಿಂದೂ ಉತ್ತರಾಧಿಕಾರ ಕಾನೂನಿಗೆ ಆಧಾರವಾಯಿತು. ಗಂಡುಮಕ್ಕಳಿಲ್ಲದೆ ಸತ್ತವನ ಆಸ್ತಿ ವಿಧವೆಗೆ ಸೇರಬೇಕು ಎಂದು ವಾದಿಸುವಾಗ ವಿಜ್ಞಾನೇಶ್ವರನಿಗೆ ಒಂದು ತೊಡಕು ಎದುರಾಯಿತು: ಸತ್ತವನ ಹೆಂಗಸರಿಗೆ ಹೊಟ್ಟೆಬಟ್ಟೆಗಷ್ಟೇ ಕೊಟ್ಟರೆ ಸಾಕು ಎನ್ನುವ ವಚನಗಳೂ ಸ್ಮೃತಿಗಳಲ್ಲಿದ್ದವು. ಆ ವಚನಗಳು ಧರ್ಮಪತ್ನಿಯನ್ನು ಕುರಿತವಲ್ಲ, ‘ಅವರುದ್ಧ ಸ್ತ್ರೀ’ಯನ್ನು, ಅಂದರೆ ಒಬ್ಬನೇ ಗಂಡಸಿಗೆ ಕಟ್ಟುಬಿದ್ದು ವಿವಾಹವಿಲ್ಲದೆ ಬಾಳಿದವಳನ್ನು ಕುರಿತವು ಎಂದು ಆತ ಬಿಡಿಸಿದ. ಪತ್ನಿಯ ಹಕ್ಕನ್ನು ಉಳಿಸಲು ಹೂಡಿದ ಈ ವಾದದಿಂದ ಪತ್ನಿಯಲ್ಲದವಳಿಗೂ ಒಂದು ಹಕ್ಕು ಸ್ಥಿರವಾಯಿತು. ಸತ್ತವನ ಆಸ್ತಿಯನ್ನು ಯಾರೇ ಪಡೆಯಲಿ, ಅದರಿಂದ ಅವಳ ಹೊಟ್ಟೆ ಹೊರೆಯಬೇಕು.

ಬ್ರಿಟಿಷ್ ಆಳ್ವಿಕೆಯ ನ್ಯಾಯಾಲಯಗಳು ಇದನ್ನು ಜೀವಂತ ಕಾನೂನಾಗಿಯೇ ನಡೆಸಿಕೊಂಡು ಬಂದವು. ಆಕೆ ಗಂಡಸಿನ ಕುಟುಂಬದೊಂದಿಗೆ ಒಂದೇ ಸೂರಿನಡಿ ಇದ್ದಿರಬೇಕೇ ಎಂಬ ಪ್ರಶ್ನೆ ಬಂದಾಗ, ಬೇಕಿಲ್ಲ, ಸಂಬಂಧ ಬಹಿರಂಗವಾಗಿದ್ದು ಏಕನಿಷ್ಠವಾಗಿದ್ದರೆ ಸಾಕು ಎಂದು 1926ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. 1945ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣಪೀಠವು ಮತ್ತೊಬ್ಬನ ಹೆಂಡತಿಯಾಗಿದ್ದವಳಿಗೂ ಈ ಹಕ್ಕು ಉಂಟೆಂದಿತು. ಆದರೆ ಹಕ್ಕು ಹುಟ್ಟುತ್ತಿದ್ದುದು ಗಂಡಸು ಸತ್ತ ಮೇಲೆ. ಅವನ ಕೊನೆಯುಸಿರಿನವರೆಗೂ ಅವಳು ಜೊತೆಗಿರಬೇಕಿತ್ತು, ಅನಂತರವೂ ಶೀಲ ಕಾಯ್ದುಕೊಳ್ಳಬೇಕಿತ್ತು. ಬದುಕಿರುವಾಗಲೇ ಅವನು ಕೈಬಿಟ್ಟರೆ ಅವನ ಮೇಲೆ ಯಾವ ದಾವೆಯೂ ನಿಲ್ಲುತ್ತಿರಲಿಲ್ಲ. ಇದು ಗಂಡಸಿನ ಅನುಕೂಲಕ್ಕೆ ಹೊಂದಿಕೊಂಡ ಪದ್ಧತಿ, ಇದನ್ನು ಹಕ್ಕೆನ್ನುವುದು ತಪ್ಪು ಎಂಬ ಆಕ್ಷೇಪ ಇಲ್ಲಿ ಸಹಜವಾಗಿಯೇ ಏಳುತ್ತದೆ. ಪದ್ಧತಿಯ ಹೀನಾಯವನ್ನು ಯಾರೂ ಅಲ್ಲಗಳೆಯಲಾರರು. ಆದರೂ ಸತ್ತವನ ಮಕ್ಕಳ ವಿರುದ್ಧ ನ್ಯಾಯಾಲಯಕ್ಕೆ ಹೋಗಿ, ಆಸ್ತಿಯ ಮೇಲೆ ಜೀವನಾಂಶದ ಹೊರೆ ಹೊರಿಸಿ ಬರುವ ಶಕ್ತಿ ಅವಳಿಗಿತ್ತು. ಕಾನೂನಿನ ಅರ್ಥದಲ್ಲಿ ಅದು ಹಕ್ಕೇ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಈ ಶಕ್ತಿಯನ್ನು ಸದ್ದಿಲ್ಲದೆ ತೆಗೆದುಹಾಕಿತು. ಅದರ 4ನೆಯ ಪ್ರಕರಣ ಹಳೆಯ ಧರ್ಮಶಾಸ್ತ್ರದ ನಿಯಮಗಳನ್ನು ಬದಿಗೊತ್ತಿತು. ಸತ್ತವನ ಆಸ್ತಿಯಿಂದ ಪೋಷಣೆ ಪಡೆಯತಕ್ಕ ಅವಲಂಬಿತರನ್ನು ಹೆಸರಿಸುವ 21ನೆಯ ಪ್ರಕರಣದಲ್ಲಿ ವಿವಾಹಬಾಹಿರವಾಗಿ ಹುಟ್ಟಿದ ಅಪ್ರಾಪ್ತ ಮಗ ಮತ್ತು ಮದುವೆಯಾಗದ ಮಗಳಿಗೆ ಜಾಗ ಸಿಕ್ಕಿತು, ಅವರ ತಾಯಿಗೆ ಸಿಗಲಿಲ್ಲ. ಏಕಪತ್ನಿತ್ವವನ್ನು ಕಡ್ಡಾಯಗೊಳಿಸಿ ಹಿಂದೂ ಪತ್ನಿಯ ಸ್ಥಾನವನ್ನು ಭದ್ರಪಡಿಸುವುದು ಆ ಕಾಲದ ಸುಧಾರಕರ ಗುರಿಯಾಗಿತ್ತು, ಅದು ದೊಡ್ಡ ಗುರಿಯೇ. ಅದರ ಬೆಲೆಯನ್ನು ತೆತ್ತವರು ಮಾತ್ರ ಪತ್ನಿಯಲ್ಲದ ಹೆಂಗಸರು. ಇತಿಹಾಸ ಬರೆಯುವವರು ಈ ತಿರುವನ್ನು ಗಮನಿಸದೆ ಸಾಗುವುದರಿಂದಲೇ 2005ರ ಕಾಯ್ದೆ ಶೂನ್ಯದಿಂದ ಮೂಡಿದಂತೆ ತೋರುತ್ತದೆ.

ನಡುವಿನ ಐವತ್ತು ವರ್ಷ ಅಂಥ ಹೆಂಗಸರಿಗೆ ಉಳಿದದ್ದು ಸಾಕ್ಷ್ಯ ಕಾಯ್ದೆಯ ಆಸರೆ. ಬಹುಕಾಲ ಗಂಡಹೆಂಡಿರಂತೆ ಬಾಳಿದವರನ್ನು ವಿವಾಹಿತರೆಂದೇ ಊಹಿಸಬಹುದು ಎಂಬ ತತ್ವವದು. ಸುಮಾರು ಐವತ್ತು ವರ್ಷ ಒಟ್ಟಿಗಿದ್ದ ಜೋಡಿಯ ವಿವಾಹಕ್ಕೆ ಈಗ ಪುರಾವೆ ಕೇಳುವುದು ಸಲ್ಲದು ಎಂದು 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಹೇಳಿದ್ದನ್ನು ‘ಲಿವ್ ಇನ್ ಸಂಬಂಧಕ್ಕೆ ಮೊದಲ ಮಾನ್ಯತೆ’ ಎಂದು ಅನೇಕರು ಬಣ್ಣಿಸುತ್ತಾರೆ. ಇದು ಸರಿಯಲ್ಲ. ಆ ತೀರ್ಪು ಮಾನ್ಯ ಮಾಡಿದ್ದು ವಿವಾಹವನ್ನು; ಮದುವೆಯೇ ಆಗಿಲ್ಲವೆಂದು ಸ್ಪಷ್ಟವಾದೊಡನೆ ಊಹೆ ಬಿದ್ದುಹೋಗುತ್ತದೆ, ಅದರೊಡನೆ ಆಸರೆಯೂ.

ಜೀವನಾಂಶ ಕೊಡಿಸುವ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಪ್ರಕರಣದಲ್ಲಿ ‘ಹೆಂಡತಿ’ ಎಂದರೆ ವಿಧಿವತ್ತಾಗಿ ವಿವಾಹವಾದವಳೇ ಎಂದು ಸುಪ್ರೀಂ ಕೋರ್ಟ್ 1988ರಲ್ಲಿಯೂ 2005ರಲ್ಲಿಯೂ ಪಟ್ಟು ಹಿಡಿಯಿತು. ಬಹುಕಾಲ ಹೆಂಡತಿಯಂತೆ ಬಾಳಿದವಳನ್ನೂ ಅದರೊಳಗೆ ಸೇರಿಸಿ ಎಂದು 2003ರಲ್ಲಿಯೇ ಸಲಹೆ ಕೊಟ್ಟದ್ದು ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ. ಆ ಸಲಹೆ ಶಾಸನವಾಗಲಿಲ್ಲ. 2024ರ ಜುಲೈ 1ರಿಂದ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಪ್ರಕರಣವೂ ಅದನ್ನು ಒಳಗೊಂಡಿಲ್ಲ. ಆ ಸಲಹೆಯ ಬದಲಿಗೆ ಬಂದದ್ದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ. ಅದು ‘ವಿವಾಹದ ಸ್ವರೂಪದ ಸಂಬಂಧ’ದಲ್ಲಿರುವ ಹೆಣ್ಣಿಗೂ ಜೀವನಾಂಶ ಮತ್ತು ವಾಸದ ಹಕ್ಕು ಕೊಟ್ಟಿತು, ಆದರೆ ಆ ಸ್ವರೂಪ ಏನೆಂದು ವಿವರಿಸಲಿಲ್ಲ. 2010ರ ಅಕ್ಟೋಬರಿನಲ್ಲಿ ಎರಡು ವಾರಗಳ ಅಂತರದಲ್ಲಿ ಸುಪ್ರೀಂ ಕೋರ್ಟಿನ ಎರಡು ಪೀಠಗಳು ಎರಡು ದಿಕ್ಕು ಹಿಡಿದವು. ಒಂದು ಪೀಠ ‘ಹೆಂಡತಿ’ ಪದಕ್ಕೆ ವಿಶಾಲ ಅರ್ಥ ಕೊಡಬೇಕೆಂದು ಬಯಸಿ ಪ್ರಶ್ನೆಯನ್ನು ವಿಸ್ತೃತ ಪೀಠಕ್ಕೆ ಕಳುಹಿಸಿತು. ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರಿದ್ದ ಇನ್ನೊಂದು ಪೀಠ ಇಬ್ಬರೂ ಮದುವೆಯಾಗಲು ಅರ್ಹರಾಗಿರಬೇಕು, ಅಂದರೆ ಬೇರೆ ಮದುವೆಯ ಕಟ್ಟು ಇರಬಾರದು ಎಂಬುದೂ ಸೇರಿದಂತೆ ನಾಲ್ಕು ಷರತ್ತುಗಳನ್ನು ಹಾಕಿತು.

ಈ ಷರತ್ತಿನ ಭಾರ ಎಷ್ಟೆಂಬುದು 2013ರ ನವೆಂಬರ್ 26ರಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಬೆಂಗಳೂರಿನ ಪ್ರಕರಣದಲ್ಲಿ ಗೊತ್ತಾಗುತ್ತದೆ. ಖಾಸಗಿ ಕಂಪನಿಯಲ್ಲಿ ಕೆಲಸದಲ್ಲಿದ್ದ ಅವಿವಾಹಿತೆಯೊಬ್ಬರು 1992ರಲ್ಲಿ ಕೆಲಸ ಬಿಟ್ಟು ಸಹೋದ್ಯೋಗಿಯೊಂದಿಗೆ ಸಂಸಾರ ಹೂಡಿದರು. ಆತನಿಗೆ ಹೆಂಡತಿ ಮತ್ತು ಇಬ್ಬರು ಮಕ್ಕಳಿರುವುದು ಅವರಿಗೆ ತಿಳಿದಿತ್ತು. ದೀರ್ಘಕಾಲದ ಸಂಬಂಧ ಮುರಿದ ಮೇಲೆ ಅವರು ಮ್ಯಾಜಿಸ್ಟ್ರೇಟರ ಮೊರೆಹೋದಾಗ ತಿಂಗಳಿಗೆ 18,000 ರೂಪಾಯಿ ಜೀವನಾಂಶದ ಆದೇಶವಾಯಿತು. ಸೆಷನ್ಸ್ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು, ಕರ್ನಾಟಕ ಹೈಕೋರ್ಟ್ ರದ್ದುಮಾಡಿತು. ಸುಪ್ರೀಂ ಕೋರ್ಟ್ ಸಂಬಂಧವನ್ನು ಅಳೆಯಲು ಅವಧಿ, ಒಂದೇ ಮನೆ, ಹಣಕಾಸಿನ ಒಟ್ಟುವಹಿವಾಟು, ಮಕ್ಕಳು, ಜನರೆದುರಿನ ನಡವಳಿಕೆ ಮುಂತಾದ ಎಂಟು ಮಾನದಂಡಗಳನ್ನು ಕೊಟ್ಟಿತು. ಅವಧಿಯಲ್ಲಾಗಲಿ ಒಂದೇ ಮನೆಯ ಬಾಳಿನಲ್ಲಾಗಲಿ ಇಲ್ಲಿ ಕೊರತೆಯಿರಲಿಲ್ಲ. ಆದರೂ ಆತ ವಿವಾಹಿತನೆಂದು ತಿಳಿದೇ ಬಾಳಿದ್ದರಿಂದ ಇದು ವಿವಾಹದ ಸ್ವರೂಪದ್ದಲ್ಲವೆಂದು ಹೈಕೋರ್ಟಿನ ತೀರ್ಪು ಉಳಿಯಿತು. ಇಂಥ ಹೆಂಗಸರೂ ಅವರ ಮಕ್ಕಳೂ ಹೆಚ್ಚು ನೋಯುತ್ತಾರೆ, ಸಂಸತ್ತು ಶಾಸನ ಮಾಡಬೇಕು ಎಂದು ಅದೇ ತೀರ್ಪು ಹೇಳಿತು. ಹಳೆಯ ನಿಯಮದಲ್ಲಿ ಗಂಡಸಿಗೆ ಬೇರೆ ಹೆಂಡತಿ ಇರುವುದು ಅಡ್ಡಿಯೇ ಆಗಿರಲಿಲ್ಲ. ಅವನು ಬಿಟ್ಟುಹೋಗುವುದು ಅಡ್ಡಿಯಾಗಿತ್ತು. ಹೊಸ ನಿಯಮದಲ್ಲಿ ಬಿಟ್ಟುಹೋದವನನ್ನು ಹಿಡಿಯಬಹುದು, ಅವನು ವಿವಾಹಿತನಾಗಿದ್ದರೆ ಹಿಡಿಯುವುದು ಕಷ್ಟ. ಈ ಬೆಂಗಳೂರಿನ ಹೆಂಗಸು ಎರಡೂ ಕಾಲದ ನಿಯಮಗಳ ನಡುವಿನ ಸಂದಿಯಲ್ಲಿ ಬಿದ್ದವರು.

ವಿವಾಹಿತನ ಸಂಗಾತಿಗೆ ಜೀವನಾಂಶ ನಿರಾಕರಿಸದಿದ್ದರೆ ಧರ್ಮಪತ್ನಿಗೂ ಮಕ್ಕಳಿಗೂ ಅನ್ಯಾಯವಾಗುತ್ತದೆ ಎಂಬುದು ತೀರ್ಪಿನ ಮುಖ್ಯ ಸಮರ್ಥನೆ. ಅದರಲ್ಲಿ ಹುರುಳಿದೆ, ಗಂಡಸಿನ ಗಳಿಕೆಗೆ ಮಿತಿಯಿದೆ. ಆದರೆ ಜೀವನಾಂಶ ಕೊಡುವುದೆಂದರೆ ಪತ್ನಿಯ ಸ್ಥಾನ ಕೊಡುವುದಲ್ಲ. ಮೊತ್ತ ನಿಗದಿಮಾಡುವಾಗ ಪತ್ನಿಯ ಪಾಲನ್ನು ಮೊದಲು ತೆಗೆದಿಡಲು ಯಾವ ನ್ಯಾಯಾಧೀಶರಿಗೂ ತಡೆಯಿಲ್ಲ. ಎರಡು ಮನೆ ಕಟ್ಟಿದವನು ಒಂದು ಮನೆಯ ಹೊಣೆಯಿಂದ ಪೂರ್ತಿ ಕಳಚಿಕೊಳ್ಳುವುದರಿಂದ ಪತ್ನಿಗಿಂತ ಹೆಚ್ಚಿನ ಲಾಭ ಅವನಿಗೇ. ಮದುವೆಯ ಬಂಧನ ಬೇಡವೆಂದೇ ಒಟ್ಟಿಗಿರುವವರ ಮೇಲೆ ಹೊಣೆ ಹೇರುವುದೇಕೆ ಎಂಬುದು ಇನ್ನೊಂದು ಕಡೆಯ ಆಕ್ಷೇಪ. ಇಬ್ಬರೂ ದುಡಿಯುವಾಗ ಈ ಮಾತಿಗೆ ತೂಕವಿದೆ. ಒಬ್ಬರು ಕೆಲಸ ಬಿಟ್ಟು ಇನ್ನೊಬ್ಬರ ದುಡಿಮೆಗೆ ಆತುಕೊಂಡ ಮೇಲೆ ಆ ಸ್ವಾತಂತ್ರ್ಯದ ಖರ್ಚು ಒಬ್ಬರ ಮೇಲೆಯೇ ಬೀಳುತ್ತದೆ.

ಮಕ್ಕಳ ವಿಷಯದಲ್ಲಿ ಕಾನೂನು ಹೆಚ್ಚು ಉದಾರ, ಸುದ್ದಿಗಳು ಹೇಳುವಷ್ಟು ಅಲ್ಲ. ಅಪ್ರಾಪ್ತ ಮಗುವಿನ ಜೀವನಾಂಶಕ್ಕೆ ತಂದೆತಾಯಿಯ ವಿವಾಹ ಎಂದೂ ಷರತ್ತಾಗಿರಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 16ನೆಯ ಪ್ರಕರಣ, 1976ರ ತಿದ್ದುಪಡಿಯ ನಂತರ, ಅಸಿಂಧು ವಿವಾಹದಲ್ಲಿ ಹುಟ್ಟಿದ ಮಗುವನ್ನೂ ನ್ಯಾಯಸಮ್ಮತ ಸಂತಾನವೆಂದು ಪರಿಗಣಿಸುತ್ತದೆ, ಆದರೆ ಹಕ್ಕನ್ನು ತಂದೆತಾಯಿಯ ಆಸ್ತಿಗೆ ಸೀಮಿತಗೊಳಿಸುತ್ತದೆ. ಹಾಗಾದರೆ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯ ಗತಿಯೇನು? ಕರ್ನಾಟಕದಿಂದ ಹೋದ ಮೇಲ್ಮನವಿಯೊಂದರಲ್ಲಿ 2011ರಲ್ಲಿ ಎದ್ದ ಈ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2023ರ ಸೆಪ್ಟೆಂಬರ್ 1ರಂದು ಉತ್ತರಿಸಿತು. ತಂದೆ ಸಾಯುವ ಮುಂಚಿನ ಗಳಿಗೆಯಲ್ಲಿ ವಿಭಾಗವಾಗಿದೆಯೆಂದು ಭಾವಿಸಿಕೊಂಡು ಅವನ ಪಾಲಿಗೆ ಎಷ್ಟು ಬರುತ್ತಿತ್ತೋ ಅದರಲ್ಲಿ ಈ ಮಕ್ಕಳಿಗೂ ಪಾಲುಂಟು. ಆದರೆ ಅವರು ಹುಟ್ಟಿನಿಂದಲೇ ಕುಟುಂಬದ ಸಹದಾಯಾದರಲ್ಲ. ‘ಲಿವ್ ಇನ್ ಮಕ್ಕಳಿಗೆ ಪಿತ್ರಾರ್ಜಿತ ಆಸ್ತಿ’ ಎಂದು ಇದು ಪ್ರಚಾರವಾಯಿತು. ಆದರೆ ತೀರ್ಪಿಗೆ ಆಧಾರವಾದ 16ನೆಯ ಪ್ರಕರಣ ಅನ್ವಯಿಸಬೇಕಾದರೆ ದೋಷಯುಕ್ತವಾದರೂ ಒಂದು ವಿವಾಹ ನಡೆದಿರಬೇಕು. ತಾಳಿ, ಶಾಸ್ತ್ರ, ನೋಂದಣಿ ಯಾವುದೂ ಇಲ್ಲದ ಜೋಡಿಯ ಮಕ್ಕಳು ಈಗಲೂ ದೀರ್ಘ ಸಹವಾಸದಿಂದ ಹುಟ್ಟುವ ವಿವಾಹದ ಊಹೆಯನ್ನೇ ನೆಚ್ಚಬೇಕು.

ಆಸ್ತಿಯಲ್ಲಂತೂ ‘ಸಂಸಾರದ ಜಂಟಿ ಸ್ವತ್ತು’ ಎಂಬ ಕಲ್ಪನೆ, ಗೋವಾದಂಥ ಅಪವಾದ ಬಿಟ್ಟರೆ, ಭಾರತದ ಕಾನೂನಿನಲ್ಲಿ ವಿವಾಹಿತರಿಗೂ ಇಲ್ಲ. 2005ರ ಕಾಯ್ದೆ ಹೆಣ್ಣಿಗೆ ಒಟ್ಟಿಗೆ ಬಾಳಿದ ಮನೆಯಲ್ಲಿ ಉಳಿಯುವ ಹಕ್ಕು ಕೊಡುತ್ತದೆ, ಒಡೆತನವನ್ನಲ್ಲ. ಒಡೆತನ ನಿರ್ಧಾರವಾಗುವುದು ಕ್ರಯಪತ್ರದಲ್ಲಿರುವ ಹೆಸರಿನಿಂದ. ಇಬ್ಬರ ಹೆಸರೂ ಇದ್ದರೆ, ಬೇರೆ ಒಪ್ಪಂದವಿಲ್ಲದಾಗ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೆಯ ಪ್ರಕರಣದಂತೆ ಹಾಕಿದ ಹಣಕ್ಕೆ ತಕ್ಕ ಪಾಲು. ಲೆಕ್ಕದ ಪುರಾವೆ ಇಲ್ಲದಿದ್ದರೆ ಸಮಪಾಲು. ಹಣ ಇಬ್ಬರದಾಗಿ ಹೆಸರು ಒಬ್ಬರದ್ದೇ ಆದಾಗ ತೊಂದರೆ ಶುರುವಾಗುತ್ತದೆ. ತನ್ನ ಲೆಕ್ಕದಲ್ಲಿ ತೋರಿಸಿದ ಹಣದಿಂದ ಗಂಡ ಅಥವಾ ಹೆಂಡತಿಯ ಹೆಸರಿನಲ್ಲಿ ಮಾಡಿದ ಖರೀದಿಗೆ, 2016ರಲ್ಲಿ ತಿದ್ದುಪಡಿಯಾದ ಬೇನಾಮಿ ಕಾಯ್ದೆ ವಿನಾಯಿತಿ ಕೊಡುತ್ತದೆ. ಸಹಜೀವನದ ಸಂಗಾತಿ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ‘ಸೈಟಿಗೆ ದುಡ್ಡು ಕೊಟ್ಟದ್ದು ನಾನು’ ಎಂದು ಸಾಬೀತುಪಡಿಸಿದವರ ದಾವೆ ಆ ಸಾಬೀತಿನಿಂದಲೇ ಬೀಳುವ ಅಪಾಯವಿದೆ, ಸ್ವತ್ತು ಸರ್ಕಾರಕ್ಕೆ ಮುಟ್ಟುಗೋಲಾಗುವ ಸಾಧ್ಯತೆಯೂ ಇದೆ.

2025ರ ಜನವರಿ 27ರಂದು ಜಾರಿಗೆ ಬಂದ ಉತ್ತರಾಖಂಡದ ಏಕರೂಪ ನಾಗರಿಕ ಸಂಹಿತೆ ಬೇರೆ ದಾರಿ ಹಿಡಿಯಿತು. ಅಲ್ಲಿ ಲಿವ್ ಇನ್ ಸಂಬಂಧದ ಮಗು ನ್ಯಾಯಸಮ್ಮತ ಸಂತಾನ, ಸಂಗಾತಿ ತೊರೆದ ಹೆಣ್ಣಿಗೆ ಜೀವನಾಂಶ ಕೇಳುವ ಹಕ್ಕಿದೆ. ಅದರ ಜೊತೆಗೇ ಸಂಬಂಧದ ನೋಂದಣಿ ಕಡ್ಡಾಯವಾಯಿತು, ಒಂದು ತಿಂಗಳೊಳಗೆ ನೋಂದಾಯಿಸದೆ ಒಟ್ಟಿಗಿದ್ದವರಿಗೆ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಶಿಕ್ಷೆ ಗೊತ್ತಾಯಿತು. ಖಾಸಗಿತನದ ಹಕ್ಕಿಗೆ ಇದು ವಿರುದ್ಧವೆಂಬ ಅರ್ಜಿಗಳು ಅಲ್ಲಿನ ಹೈಕೋರ್ಟ್ ಮುಟ್ಟಿದವು. ಆ ಸಂಹಿತೆಯಲ್ಲಿಯೂ ವಿವಾಹಿತನೊಡನೆ ಬಾಳಿದವಳ ಸಂಬಂಧ ನೋಂದಣಿಗೆ ಅರ್ಹವಲ್ಲ.