ನಿವೃತ್ತಿಯಾದ ಮೇಲೆ ಪಿಂಚಣಿ ತಡವಾಗುವುದೇಕೆ? ಮುಂಬೈ ಸರ್ಕಾರಿ ನೌಕರರಿಗೆ ತಾತ್ಕಾಲಿಕ ಪಿಂಚಣಿ ಸಿಗುವುದು ಹೀಗೆ

ಮುಂಬೈ: ಮಹಾರಾಷ್ಟ್ರ ಸರ್ಕಾರದ ನೌಕರರೊಬ್ಬರು ಮೇ 31ರಂದು ನಿವೃತ್ತರಾದರೆ ಮೇ ತಿಂಗಳ ಸಂಬಳ ಎಂದಿನಂತೆ ಬರುತ್ತದೆ. ಜೂನ್ ತಿಂಗಳ ಪಿಂಚಣಿ ಕೈಗೆ ಬರಬೇಕಾದದ್ದು ಜೂನ್ ಮುಗಿದ ಮೇಲೆ. ಹಾಗಾಗಿ ಜೂನ್ ಪೂರ್ತಿ ಖಾತೆಗೆ ಏನೂ ಬರದಿದ್ದರೆ ಅದು ವಿಳಂಬವಲ್ಲ. ಜುಲೈ ಮೊದಲ ವಾರವೂ ಕಳೆದು ಹಣ ಬಾರದಿದ್ದರೆ ಮಾತ್ರ ಕಡತ ಎಲ್ಲಿ ನಿಂತಿದೆ ಎಂದು ಹುಡುಕಬೇಕು. 2005ರ ನವೆಂಬರ್ 1ಕ್ಕೆ ಮೊದಲು ಸೇವೆಗೆ ಸೇರಿ ಹಳೆ ಪಿಂಚಣಿ ಪದ್ಧತಿಯಲ್ಲಿರುವವರಿಗೆ ಈ ಮಾಹಿತಿ ಅನ್ವಯಿಸುತ್ತದೆ.

ಪಿಂಚಣಿ ಕಡತ ಮೂರು ಕಡೆ ಸುತ್ತುತ್ತದೆ. ನೌಕರರ ಸ್ವಂತ ಕಚೇರಿ ಪ್ರಸ್ತಾವ ಸಿದ್ಧಪಡಿಸುತ್ತದೆ. ನ್ಯೂ ಮರೀನ್ ಲೈನ್ಸ್‌ನಲ್ಲಿರುವ ಮಹಾಲೇಖಪಾಲರ ಕಚೇರಿ ಅದನ್ನು ಪರಿಶೀಲಿಸಿ ಪಿಂಚಣಿ ಪಾವತಿ ಆದೇಶ, ಅಂದರೆ ಪಿಪಿಒ, ಹೊರಡಿಸುತ್ತದೆ. ಮುಂಬೈ ನಗರ ಮತ್ತು ಉಪನಗರಗಳಿಗೆ ಜಿಲ್ಲಾ ಖಜಾನೆಯ ಕೆಲಸ ಮಾಡುವ ಬಾಂದ್ರಾ ಪೂರ್ವದ ಪೇ ಅಂಡ್ ಅಕೌಂಟ್ಸ್ ಕಚೇರಿ ಹಣ ಪಾವತಿಸುತ್ತದೆ.

1982ರ ಮಹಾರಾಷ್ಟ್ರ ನಾಗರಿಕ ಸೇವಾ (ಪಿಂಚಣಿ) ನಿಯಮಗಳ ಪ್ರಕಾರ ಈ ತಯಾರಿ ನಿವೃತ್ತಿಗೆ ಎರಡು ವರ್ಷ ಮೊದಲೇ ಶುರುವಾಗಬೇಕು. ಆದರೂ ಕಡತ ಹೆಚ್ಚಾಗಿ ನಿಲ್ಲುವುದು ಮೊದಲ ಮೆಟ್ಟಿಲಲ್ಲೇ, ಸೇವಾ ಪುಸ್ತಕದ ಬಳಿ. ಹಿಂದೆ ಕೆಲಸ ಮಾಡಿದ ಕಚೇರಿಯ ಅವಧಿಗೆ ಸೇವಾ ಪರಿಶೀಲನೆಯ ಸಹಿ ಇರುವುದಿಲ್ಲ, ಯಾವುದೋ ರಜೆಯ ಆದೇಶ ನಮೂದಾಗಿರುವುದಿಲ್ಲ, ವೇತನ ಆಯೋಗದ ಪರಿಷ್ಕರಣೆಯನ್ನು ವೇತನ ಪರಿಶೀಲನಾ ತಂಡ ನೋಡಿರುವುದಿಲ್ಲ. ಇಪ್ಪತ್ತು ವರ್ಷ ಹಿಂದಿನ ಒಂದು ಸಹಿಗಾಗಿ ಕಡತ ಹಳೆ ಕಚೇರಿಗೆ ಹೋಗಿ ಬರಬೇಕಾಗುತ್ತದೆ. ಸರ್ಕಾರಿ ವಸತಿಯಲ್ಲಿದ್ದವರಿಗೆ ಬಾಕಿ ಇಲ್ಲ ಎಂಬ ಪ್ರಮಾಣಪತ್ರದ ಗೊಂದಲ ಬೇರೆ.

ಈ ನಡುವಿನ ಅವಧಿಗಾಗಿಯೇ ತಾತ್ಕಾಲಿಕ ಪಿಂಚಣಿ ಇರುವುದು. ಇದನ್ನು ಮಂಜೂರು ಮಾಡುವವರು ಮಹಾಲೇಖಪಾಲರಲ್ಲ, ನಿವೃತ್ತರಾದ ಕಚೇರಿಯ ಮುಖ್ಯಸ್ಥರು. ಕೈಯಲ್ಲಿರುವ ದಾಖಲೆಗಳಿಂದ ಲೆಕ್ಕ ಹಾಕಿ, ಸಿಬ್ಬಂದಿಯ ಸಂಬಳದಂತೆಯೇ ಕಚೇರಿಯ ಬಿಲ್‌ನಲ್ಲಿ ಹಣ ಪಡೆದು ಆರು ತಿಂಗಳವರೆಗೆ ಕೊಡಬಹುದು. ಹೀಗಾಗಿ ಅರ್ಜಿ ಹಿಡಿದು ಬಾಂದ್ರಾಕ್ಕೆ ಅಲೆದು ಪ್ರಯೋಜನವಿಲ್ಲ; ಹಳೆ ಕಚೇರಿಯ ಎಸ್ಟಾಬ್ಲಿಷ್‌ಮೆಂಟ್ ವಿಭಾಗಕ್ಕೇ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಅನೇಕ ಕಚೇರಿಗಳು ಕೇಳದೆ ಕೊಡುವುದಿಲ್ಲ ಎಂಬುದು ಬೇಸರದ ಸಂಗತಿ.

ಒಂದು ಲೆಕ್ಕ ನೋಡೋಣ. ಅಂಧೇರಿಯ ಕಚೇರಿಯೊಂದರಲ್ಲಿ 31 ವರ್ಷ ಸೇವೆ ಸಲ್ಲಿಸಿದ ನೌಕರರ ಕೊನೆಯ ಮೂಲ ವೇತನ 60,300 ರೂಪಾಯಿ ಎಂದುಕೊಳ್ಳಿ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಅರ್ಹ ಸೇವೆ ಇರುವುದರಿಂದ ಅರ್ಧದಷ್ಟು, ಅಂದರೆ 30,150 ರೂಪಾಯಿ ತಾತ್ಕಾಲಿಕ ಪಿಂಚಣಿ ನಿಗದಿಯಾಗುತ್ತದೆ, ತುಟ್ಟಿಭತ್ಯೆ ಪ್ರತ್ಯೇಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ಇದು ಬರುತ್ತದೆ. ಅಷ್ಟರಲ್ಲಿ ಪರಿಶೀಲನೆ ಮುಗಿದು, ಒಂದು ವಾರ್ಷಿಕ ಬಡ್ತಿ ತಪ್ಪಾಗಿ ಸೇರಿದೆ, ವೇತನ 58,500 ಆಗಬೇಕಿತ್ತು ಎಂದು ತಿಳಿಯುತ್ತದೆ. ಅಂತಿಮ ಪಿಂಚಣಿ 29,250 ಆಗುತ್ತದೆ. ತಿಂಗಳಿಗೆ 900ರಂತೆ ನಾಲ್ಕು ತಿಂಗಳಿಗೆ ಹೆಚ್ಚಾಗಿ ಕೊಟ್ಟ 3,600 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯನ್ನು ಮುಂದಿನ ಪಾವತಿಯಲ್ಲಿ ಹೊಂದಿಸಿಕೊಳ್ಳುತ್ತಾರೆ. ಲೆಕ್ಕ ತಿರುಗಾಮುರುಗಾ ಆಗಿದ್ದರೆ ವ್ಯತ್ಯಾಸ ನಿವೃತ್ತರಿಗೇ ಸಿಗುತ್ತದೆ.

ಪಿಪಿಒ ಬಂದ ಮೇಲೂ ಒಂದು ತೊಡಕು ಉಳಿಯುತ್ತದೆ. ಒಂದೇ ತಿಂಗಳಿಗೆ ಎರಡು ಕಡೆಯಿಂದ ಹಣ ಹೋಗಬಾರದು. ಆದ್ದರಿಂದ ತಾತ್ಕಾಲಿಕ ಪಿಂಚಣಿಯನ್ನು ಯಾವ ತಿಂಗಳವರೆಗೆ, ಎಷ್ಟು ಕೊಡಲಾಗಿದೆ ಎಂಬ ಪ್ರಮಾಣಪತ್ರ ಹಳೆ ಕಚೇರಿಯಿಂದ ಬಾಂದ್ರಾಕ್ಕೆ ತಲುಪಬೇಕು. ಅದು ತಲುಪುವ ಮೊದಲೇ ಕಚೇರಿ ಬಿಲ್ ನಿಲ್ಲಿಸಿದರೆ ಕೈಯಲ್ಲಿ ಪಿಪಿಒ ಇದ್ದೂ ಎರಡು ತಿಂಗಳು ಖಾಲಿ ಹೋಗಬಹುದು. ಬ್ಯಾಂಕ್ ವಿವರ, ಫೋಟೊ ಮತ್ತು ಗುರುತಿನ ದಾಖಲೆಗಳೊಂದಿಗೆ ಗುರುತು ಪರಿಶೀಲನೆಯೂ ಆಗಬೇಕು.

ಇಲಾಖಾ ವಿಚಾರಣೆ ಅಥವಾ ನ್ಯಾಯಾಲಯದ ಪ್ರಕರಣ ಬಾಕಿ ಇರುವವರದು ಬೇರೆಯೇ ಕಥೆ. ನಿಯಮ 130ರಡಿ ಅವರಿಗೂ ತಾತ್ಕಾಲಿಕ ಪಿಂಚಣಿ ಉಂಟು, ಆದರೆ ಅಂತಿಮ ಆದೇಶ ಬರುವವರೆಗೆ ಗ್ರಾಚ್ಯುಟಿ ಸಿಗುವುದಿಲ್ಲ.

ನಿವೃತ್ತಿಯ ಬಳಿಕ ಮಂಗಳೂರು ಅಥವಾ ಕಲಬುರಗಿಗೆ ಮರಳಿ ಅಲ್ಲಿಯೇ ಪಿಂಚಣಿ ಪಡೆಯಲು ಬಯಸುವ ಮುಂಬೈ ಕನ್ನಡಿಗರು ಆ ಖಜಾನೆಯ ಹೆಸರನ್ನು ಮೊದಲ ಅರ್ಜಿಯಲ್ಲೇ ಬರೆಯುವುದು ಒಳ್ಳೆಯದು. ಆಗ ಆದೇಶ ಮುಂಬೈಯಿಂದ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಗಿ, ಅಲ್ಲಿಂದ ಸ್ಥಳೀಯ ಖಜಾನೆಗೆ ತಲುಪುತ್ತದೆ. ಈ ಹೆಚ್ಚಿನ ಸುತ್ತಿಗೆ ಸಮಯ ಹಿಡಿಯುವುದರಿಂದ, ಅಲ್ಲಿಯವರೆಗಿನ ತಾತ್ಕಾಲಿಕ ಪಿಂಚಣಿಯ ಮನವಿಯನ್ನು ಮುಂಬೈ ಬಿಡುವ ಮೊದಲೇ ಕೊಟ್ಟಿರಬೇಕು.